ರಾತ್ರಿ ಪಾಳಿಯ ಪಂಚ್ ಯಾವ ದಿನದ್ದು?

ಗೇಟಿನ ಪಕ್ಕದ ಮೆಷಿನ್‌ಗೆ ಬೆರಳು ಒತ್ತಿದಾಗ ಅದು ಮುಖ್ಯವಾಗಿ ಎರಡು ವಿಷಯ ಬರೆದಿಟ್ಟುಕೊಳ್ಳುತ್ತದೆ: ಯಾರು, ಎಷ್ಟು ಹೊತ್ತಿಗೆ. ಒಳಗೆ ಬಂದದ್ದಾ, ಹೊರಗೆ ಹೋದದ್ದಾ ಎಂದು ಹೇಳುವ ಬಟನ್ ಕೆಲವು ಮೆಷಿನ್‌ಗಳಲ್ಲಿ ಇದ್ದರೂ, ಶಿಫ್ಟ್ ಬದಲಾಗುವ ಗಡಿಬಿಡಿಯಲ್ಲಿ ಅದನ್ನು ನಂಬುವಂತಿಲ್ಲ. ಹಾಗಾಗಿ ದಿನದ ಮೊದಲ ಪಂಚ್ ಬಂದ ಹೊತ್ತು, ಕೊನೆಯದು ಹೋದ ಹೊತ್ತು ಎಂದು ಹಿಡಿಯುತ್ತಾರೆ. ಹಗಲು ಕೆಲಸಕ್ಕೆ ಇದು ಸಾಕು. ರಾತ್ರಿ ಪಾಳಿಗೆ ಸಾಲದು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಪಾಳಿಯ ಒಬ್ಬರ ಪಂಚ್‌ಗಳು ಹೀಗಿವೆ ಅಂದುಕೊಳ್ಳಿ:

```
117  2024-03-12 21:52
117  2024-03-12 21:53
117  2024-03-13 06:07
117  2024-03-13 22:14
117  2024-03-14 03:05
```

ತಾರೀಕಿನ ಪ್ರಕಾರ ಲೆಕ್ಕ ಹಾಕಿದರೆ 12ರಂದು ಒಂದೇ ನಿಮಿಷದ ಕೆಲಸ. 13ರಂದು ಬೆಳಗ್ಗೆ 6:07ರಿಂದ ರಾತ್ರಿ 10:14ರವರೆಗೆ, ಅಂದರೆ 16 ಗಂಟೆ 7 ನಿಮಿಷ! ಆ ಹೊತ್ತಿನಲ್ಲಿ ಅವರು ಮನೆಯಲ್ಲಿ ಮಲಗಿದ್ದರು. ಪಾಳಿ ನಡುರಾತ್ರಿ ದಾಟುತ್ತದೆ, ತಾರೀಕು ಅಲ್ಲೇ ಬದಲಾಗುತ್ತದೆ. ತಪ್ಪಿಗೆ ಕಾರಣ ಅಷ್ಟೇ.

ಉಪಾಯ ಸುಲಭ. ಈ ಪಾಳಿಯವರು ಯಾರೂ ಪಂಚ್ ಮಾಡದ ಹೊತ್ತು ಮಧ್ಯಾಹ್ನ 12. ದಿನವನ್ನು ಅಲ್ಲಿ ಕತ್ತರಿಸಿ. ತಾರೀಕು ತೆಗೆಯುವ ಮೊದಲು ಪ್ರತಿ ಪಂಚ್‌ನಿಂದ 12 ಗಂಟೆ ಕಳೆದರೆ ಆಯ್ತು. ಎಸ್‌ಕ್ಯೂಲೈಟ್‌ನಲ್ಲಿ ಹೀಗೆ:

```
SELECT emp, DATE(ts, '-12 hours') AS day,
       MIN(ts), MAX(ts)
FROM punches GROUP BY emp, day;
```

ಈಗ 13ರ ಬೆಳಗಿನ 6:07 ಹಿಂದಿನ ದಿನಕ್ಕೆ ಸೇರುತ್ತದೆ. 12ರ ಪಾಳಿ 8 ಗಂಟೆ 15 ನಿಮಿಷ. 13ರದ್ದು 10:14ರಿಂದ 3:05ರವರೆಗೆ, 4 ಗಂಟೆ 51 ನಿಮಿಷ. ಬೆಳಗ್ಗೆ 9ರ ಪಾಳಿಯವರಿಗೆ ಮಾತ್ರ ಇದೇ 12 ಗಂಟೆ ಬಳಸಬೇಡಿ. ಅವರ ದಿನ ನಟ್ಟನಡುವೆ ತುಂಡಾಗುತ್ತದೆ. 4 ಗಂಟೆ ಕಳೆದರೆ ಸಾಕು, ಆಗ ಅವರ ದಿನ ಬೆಳಗಿನ ಜಾವ 4ಕ್ಕೆ ಶುರುವಾಗುತ್ತದೆ.

ಇನ್ನು ನಿಯಮ. 10 ನಿಮಿಷ ಗ್ರೇಸ್, 4ರಿಂದ 7 ಗಂಟೆಯೊಳಗಿದ್ದರೆ ಹಾಫ್ ಡೇ ಎಂದಿಟ್ಟುಕೊಳ್ಳೋಣ. 13ರಂದು 14 ನಿಮಿಷ ತಡ, ಅಂದರೆ ಲೇಟ್ ಮಾರ್ಕ್. ಜೊತೆಗೆ ಹಾಫ್ ಡೇ ಕೂಡ. ಮೂರು ಲೇಟ್‌ಗೆ ಅರ್ಧ ದಿನದ ಸಂಬಳ ಹಿಡಿಯುವ ಕಡೆ, ಇಲ್ಲಿ ಒಂದೇ ದಿನ ಎರಡು ಕಡಿತಗಳ ಲೆಕ್ಕಕ್ಕೆ ಸೇರುತ್ತದೆ. ನನಗಂತೂ ಇದು ಅನ್ಯಾಯ ಅನಿಸುತ್ತದೆ. ಮೊದಲು ಹಾಫ್ ಡೇ ನೋಡಿ, ಪೂರ್ತಿ ದಿನ ಸಿಕ್ಕವರಿಗೆ ಮಾತ್ರ ಲೇಟ್ ನೋಡುವುದು ಸರಿ.

ಕೊನೆಗೆ ಆ 21:53. ಬೆರಳು ಹಿಡಿಯಿತೋ ಇಲ್ವೋ ಎಂದು ಇನ್ನೊಮ್ಮೆ ಒತ್ತಿದ್ದು ಅದು. ಇಲ್ಲಿ ತೊಂದರೆ ಕೊಡಲಿಲ್ಲ. ಆದರೆ ಬೆಳಗ್ಗೆ ಪಂಚ್ ಮರೆತಿದ್ದರೆ ಆ ದಿನದ ಕೆಲಸ ‘ಒಂದು ನಿಮಿಷ’ ಎಂದು ಬಂದು ಗೈರುಹಾಜರಿ ಬೀಳುತ್ತಿತ್ತು. ಅದಕ್ಕೇ ಐದು ನಿಮಿಷದೊಳಗಿನ ಮರುಪಂಚ್‌ಗಳನ್ನು ಮೊದಲೇ ತೆಗೆಯಬೇಕು. ಆಮೇಲೂ ಒಂದೇ ಪಂಚ್ ಉಳಿದ ದಿನಕ್ಕೆ ‘ಪಂಚ್ ಬಾಕಿ’ ಎಂದು ಬರೆದು, ಸಂಬಳದ ಲೆಕ್ಕ ಮುಗಿಸುವ ಮುಂಚೆ ಆ ಪಾಳಿಯ ಸೂಪರ್‌ವೈಸರ್‌ನ ಕೇಳಬೇಕು.