ಮೇಲೆ ಮೂರು, ಬದಿಯಲ್ಲಿ ಎರಡು: ಹಾಗಾದರೆ ಆವೃತ್ತಿ 75 ಹರ್ಟ್ಸೋ, 33.3 ಹರ್ಟ್ಸೋ?

ಪ್ರಶ್ನೆ: ಮಾಷ್ಟ್ರೇ, ನಾನು ಕಾಸರಗೋಡಿನಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಪ್ರಾಕ್ಟಿಕಲ್‌ನಲ್ಲಿ ಲಿಸಾಜು ಆಕೃತಿ ನೋಡಿ ಗೊತ್ತಿಲ್ಲದ ಆವೃತ್ತಿ ಕಂಡುಹಿಡಿಯಬೇಕಿತ್ತು. ಸಿಆರ್‌ಓದ X ಚಾನೆಲ್‌ಗೆ ಟ್ರಾನ್ಸ್‌ಫಾರ್ಮರಿನ 6 ವೋಲ್ಟ್, ಅಂದರೆ ಮೇನ್ಸಿನ 50 ಹರ್ಟ್ಸ್. Y ಚಾನೆಲ್‌ಗೆ ಡಯಲ್ ಮುಚ್ಚಿಟ್ಟಿದ್ದ ಜನರೇಟರ್. ಆಕೃತಿಯ ಮೇಲಂಚಿನಲ್ಲಿ 3 ಸುತ್ತು, ಬದಿಯಲ್ಲಿ 2. ನಾನು 75 ಅಂತ ಬರೆದೆ, ಜೊತೆಗಾರ್ತಿ 33.3 ಅಂತ ಬರೆದಳು. ಯಾವುದು ಸರಿ? ಇನ್ನೊಂದು, ಆಕೃತಿ ಒಂದು ಕಡೆ ನಿಲ್ಲುವುದೇ ಇಲ್ಲ, ತಿರುಗುತ್ತಲೇ ಇರುತ್ತದೆ. ಮೆಶಿನ್ ಹಾಳಾಗಿದೆಯಾ?

ಉತ್ತರ: ನಿಮ್ಮ 75 ಸರಿ. ಮೆಶಿನ್‌ಗೆ ಏನೂ ಆಗಿಲ್ಲ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆ ತಿರುಗಾಟದಲ್ಲೇ ಜಾಸ್ತಿ ವಿಷಯ ಇದೆ.

ಮೊದಲು 3 ಯಾರದು, 2 ಯಾರದು ನೋಡೋಣ. ಸೂತ್ರ ಬಾಯಿಪಾಠ ಮಾಡಿದರೆ ಪರೀಕ್ಷೆಯ ದಿನ ಅದು ತಲೆಕೆಳಗಾಗಿ ನೆನಪಾಗುತ್ತದೆ. ಅದರ ಬದಲು ಪರದೆಯ ಮೇಲಿನ ಬೆಳಕಿನ ಚುಕ್ಕೆಯನ್ನೇ ಯೋಚಿಸಿ. X ಚಾನೆಲ್ ಅದನ್ನು ಎಡ-ಬಲ ಓಡಿಸುತ್ತದೆ. Y ಚಾನೆಲ್ ಮೇಲೆ-ಕೆಳಗೆ ಓಡಿಸುತ್ತದೆ. ಚುಕ್ಕೆ ಪರದೆಯ ಮೇಲಂಚಿಗೆ ಮುಟ್ಟಬೇಕಾದರೆ ಅದನ್ನು ಅಲ್ಲಿಗೆ ಏರಿಸುವವರು ಯಾರು? Y ಮಾತ್ರ. Y ಒಂದು ಸಲ ಓಲಾಡಿದರೆ ಚುಕ್ಕೆ ಮೇಲಂಚನ್ನು ಒಂದು ಸಲ ಮುಟ್ಟುತ್ತದೆ. ಹಾಗೆಯೇ X ಒಂದು ಸಲ ಓಲಾಡಿದರೆ ಬಲ ಬದಿಯನ್ನು ಒಂದು ಸಲ ಮುಟ್ಟುತ್ತದೆ. ಆಕೃತಿ ಒಂದು ಸುತ್ತು ಮುಗಿಸಿ ಹೊರಟ ಜಾಗಕ್ಕೇ ಬರುವಷ್ಟರಲ್ಲಿ ಮೇಲಂಚಿಗೆ 3 ಸಲ ಹೋಗಿದೆ, ಬದಿಗೆ 2 ಸಲ ಹೋಗಿದೆ. ಅಂದರೆ ಅಷ್ಟೇ ಹೊತ್ತಿನಲ್ಲಿ Y 3 ಸಲ ಓಲಾಡಿದೆ, X 2 ಸಲ.

fy / fx = ಮೇಲಂಚಿನ ಮುಟ್ಟು / ಬದಿಯ ಮುಟ್ಟು = 3 / 2

X ಗೆ 50 ಹರ್ಟ್ಸ್ ಕೊಟ್ಟಿದ್ದೀರಿ. ಹಾಗಾಗಿ Y ಗೆ 75.

ನಿಮ್ಮ ಜೊತೆಗಾರ್ತಿಗೆ ಇದನ್ನು ವಾದ ಮಾಡದೆ ತೋರಿಸಬಹುದು. ಜನರೇಟರಿನ ನಾಬನ್ನು ನಿಧಾನಕ್ಕೆ ಮೇಲಕ್ಕೆ ತಿರುಗಿಸುತ್ತಾ ಹೋಗಿ. ನಡುವೆ ಗೋಜಲು ಗೋಜಲಾದ ಬಲೆಗಳು ಬಂದು ಹೋಗುತ್ತವೆ, ಅವನ್ನು ಬಿಡಿ. ಮುಂದೆ ಸಿಗುವ ತೀರಾ ಸರಳ ಆಕೃತಿ ಮಲಗಿದ 8 ಆಗಿದ್ದರೆ ನೀವು 100 ಹರ್ಟ್ಸ್‌ಗೆ ಬಂದಿದ್ದೀರಿ, ಅಂದರೆ ಹೊರಟದ್ದು 50ಕ್ಕಿಂತ ಮೇಲಿನಿಂದ. ಅದೇ 33.3ರಿಂದ ಹೊರಟಿದ್ದರೆ ಮೊದಲು 50ಕ್ಕೆ ಬರಬೇಕು, ಆಗ ಸಿಗುವುದು ಒಂಟಿ ದೀರ್ಘವೃತ್ತ. ಯಾವ ಚಾನೆಲ್ X ಎಂಬುದೇ ಅನುಮಾನವಾದರೆ ಒಂದು ಚಾನೆಲ್ಲಿನ ಸ್ವಿಚ್ ಅನ್ನು ಗ್ರೌಂಡ್‌ಗೆ ಹಾಕಿ. ಅಡ್ಡ ಗೆರೆ ಉಳಿದರೆ ನೀವು ಆಫ್ ಮಾಡಿದ್ದು Y. ವೋಲ್ಟ್ಸ್/ಡಿವಿಷನ್ ನಾಬ್ ತಿರುಗಿಸಿದರೆ ಆಕೃತಿ ಅಗಲ ಅಥವಾ ಎತ್ತರ ಆಗುತ್ತದೆ ಅಷ್ಟೆ, ಎಣಿಕೆ ಬದಲಾಗುವುದಿಲ್ಲ.

ಈಗ ತಿರುಗಾಟ. ಆಕೃತಿ ತಿರುಗುವಾಗ ಒಂದು ಗಳಿಗೆಯಲ್ಲಿ ಅದರ ಸುತ್ತುಗಳೆಲ್ಲ ಒಂದರ ಮೇಲೊಂದು ಕೂತು ಮಡಚಿಕೊಳ್ಳುತ್ತವೆ. 3:2ರಲ್ಲಿ ಆಗ ಕಾಣುವುದು ಚೊಕ್ಕ ಮೀನಿನ ಆಕಾರ. ಮೂತಿ ಎಡ ಅಂಚಿನ ನಡುವೆ. ಬಾಲದ ಎರಡು ತುದಿಗಳು ಬಲಗಡೆಯ ಎರಡು ಮೂಲೆಗಳಲ್ಲಿ. ಎಣಿಸುವವರು ತಪ್ಪುವುದು ಇಲ್ಲೇ. ಈ ಮೀನಿನ ಮೇಲಂಚನ್ನು ನೋಡಿ: ಬೆನ್ನು ಒಂದು ಕಡೆ ಮುಟ್ಟುತ್ತದೆ, ಬಾಲದ ತುದಿ ಮೂಲೆಯಲ್ಲಿ ಮುಟ್ಟುತ್ತದೆ. ಸುಮ್ನೆ ಎಣಿಸಿದರೆ 2. ಎಡ ಬದಿಯಲ್ಲಿ ಮೂತಿ ಮಾತ್ರ, 1. ಹಾಗಾದರೆ 2:1, ಅಂದರೆ 100 ಹರ್ಟ್ಸ್ ಅಂತ ಬರೆದುಬಿಡುತ್ತಾರೆ. ಬಲ ಬದಿಯನ್ನು ಎಣಿಸಿದವರಿಗೆ ಬಾಲದ ಎರಡು ತುದಿ ಸಿಗುತ್ತವೆ, 2:2, ಅವರು 50 ಅಂತ ಬರೆಯುತ್ತಾರೆ. ಒಂದೇ ಆಕೃತಿ, ಎರಡು ತಪ್ಪು ಉತ್ತರ.

ಕಾರಣ ಇಷ್ಟೇ. ಮಡಚಿದ ಆಕೃತಿಯಲ್ಲಿ ಚುಕ್ಕೆ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಬೆನ್ನನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟುತ್ತದೆ. ಬಾಲದ ತುದಿಯಲ್ಲಿ ಮಾತ್ರ ಹಿಂದಿರುಗುತ್ತದೆ, ಅಲ್ಲಿಗೆ ಹೋಗುವುದು ಒಂದೇ ಸಲ. ಹಾಗಾಗಿ ತೆರೆದ ತುದಿಯನ್ನು ಅರ್ಧ ಅಂತ ಎಣಿಸಬೇಕು. ಮೇಲಂಚು: ಒಂದು ಮತ್ತು ಅರ್ಧ, ಒಟ್ಟು ಒಂದೂವರೆ. ಎಡ ಬದಿ: ಒಂದು. ಬಲ ಬದಿ: ಅರ್ಧ ಮತ್ತು ಅರ್ಧ, ಅದೂ ಒಂದು. ಒಂದೂವರೆಗೆ ಒಂದು ಅಂದರೆ 3:2. ಎರಡೂ ಬದಿ ಒಪ್ಪಿದವು ನೋಡಿ. ಎರಡು ಬದಿಯ ಎಣಿಕೆ ಒಂದಕ್ಕೊಂದು ಹೊಂದದಿದ್ದರೆ ತೆರೆದ ತುದಿಯೊಂದನ್ನು ನೀವು ಪೂರ್ತಿ ಎಣಿಸಿದ್ದೀರಿ ಅಂತಲೇ ಅರ್ಥ. ಇದಕ್ಕಿಂತ ಸುಲಭದ ದಾರಿ, ಆಕೃತಿ ಮತ್ತೆ ಬಿಡಿಸಿಕೊಳ್ಳುವವರೆಗೆ ಕಾದು ಎಣಿಸುವುದು.

ಮಡಚುವುದು, ಬಿಡಿಸಿಕೊಳ್ಳುವುದು ಯಾಕೆ? ಎರಡು ಓಲಾಟಗಳ ನಡುವಿನ ಹಂತ ಬದಲಾಗುತ್ತಾ ಇದೆ. ಅನುಪಾತ ಸರಿಯಾಗಿ 3:2 ಆಗಿದ್ದರೆ ಆಕೃತಿ ಕಲ್ಲಿನ ಹಾಗೆ ನಿಂತಿರುತ್ತಿತ್ತು. ಅದು ತಿರುಗುತ್ತಿದೆ ಅಂದರೆ Y ಗೆ ಬರುತ್ತಿರುವುದು 75ಕ್ಕೆ ಹತ್ತಿರದ ಏನೋ ಒಂದು. ಎಷ್ಟು ಹತ್ತಿರ ಎಂಬುದನ್ನು ಕೈಗಡಿಯಾರದಲ್ಲೇ ಅಳೆಯಬಹುದು. ಮೀನಿನ ಬಾಲ ಬಲಕ್ಕಿದ್ದಾಗ ಶುರು ಮಾಡಿ. ಆಕೃತಿ ಬಿಡಿಸಿಕೊಂಡು, ಮತ್ತೆ ಮಡಚಿ, ಬಾಲ ಎಡಕ್ಕಿರುವ ಮೀನು ಬರುತ್ತದೆ. ಅಲ್ಲಿ ನಿಲ್ಲಿಸಬೇಡಿ. ಪುನಃ ಬಾಲ ಬಲಕ್ಕೆ ಬರುವವರೆಗಿನ ಹೊತ್ತು T. ಒಂದೇ ಸಲ ಅಳೆದರೆ ಬೆರಳು ತಡವಾದದ್ದೂ ಸೇರಿಕೊಳ್ಳುತ್ತದೆ. ಹತ್ತು ಸಲದ್ದು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿ.

ವ್ಯತ್ಯಾಸ = 1 / (ಬದಿಯ ಮುಟ್ಟು × T)

ಆ ಬದಿಯ ಎಣಿಕೆ ಇಲ್ಲಿಗೆ ಯಾಕೆ ಬಂತು? ಒಂದು ಪೂರ್ತಿ ಆಕೃತಿಯೊಳಗೆ X ಎರಡು ಸಲ ಓಲಾಡುತ್ತದೆ, ಎರಡೂ ಒಂದೇ ಥರ. Y ಯ ಹೊಂದಾಣಿಕೆ ಆ ಎರಡರಲ್ಲಿ ಮೊದಲನೆಯದರ ಜೊತೆಗೋ ಎರಡನೆಯದರ ಜೊತೆಗೋ ಎಂಬುದು ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ Y ಅರ್ಧ ಓಲಾಟದಷ್ಟು ಸರಿದರೆ ಸಾಕು, ಅದೇ ಚಿತ್ರ ವಾಪಸ್ ಬರುತ್ತದೆ. T ಅನ್ನು 4 ಸೆಕೆಂಡ್ ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 1 / (2 × 4), ಅಂದರೆ 0.125 ಹರ್ಟ್ಸ್. ಬಾಲ ಎಡಕ್ಕೆ ಬಂದಾಗಲೇ ಗಡಿಯಾರ ನಿಲ್ಲಿಸಿದವರಿಗೆ ಇದರ ದುಪ್ಪಟ್ಟು ಸಿಗುತ್ತದೆ.

ಹಾಗಾದರೆ ಜನರೇಟರ್ 75.125ರಲ್ಲಿದೆಯೋ 74.875ರಲ್ಲಿದೆಯೋ? ತಿರುಗುವ ದಿಕ್ಕು ನೋಡಿ ಹೇಳಲು ಹೋಗಬೇಡಿ. ತಂತಿಯ ಬುಟ್ಟಿ ತಿರುಗಿದ ಹಾಗೆ ಕಾಣುವ ಆ ದಿಕ್ಕು ಕಣ್ಣಿಗೆ ಹೇಗೆ ಬೇಕಾದರೂ ಕಾಣಬಹುದು. ನಾಬನ್ನು ಕೂದಲೆಳೆಯಷ್ಟು ಮೇಲಕ್ಕೆ ತಿರುಗಿಸಿ. ತಿರುಗಾಟ ಜೋರಾದರೆ ನೀವು ಮೊದಲೇ ಮೇಲಿದ್ದಿರಿ. ನಿಧಾನವಾದರೆ ಕೆಳಗಿದ್ದಿರಿ.

ಆದರೆ ಈ 0.125 ಜನರೇಟರಿನ ತಪ್ಪೇ ಅಂತ ಹೇಳುವ ಮುಂಚೆ ಇನ್ನೊಂದು ಕಡೆ ನೋಡಬೇಕು. ನೀವು ಅಳತೆಗೋಲು ಅಂತ ಇಟ್ಟುಕೊಂಡ 50 ಹರ್ಟ್ಸ್ ಎಲ್ಲಿಂದ ಬಂತು? ಗೋಡೆಯ ಸಾಕೆಟ್ಟಿನಿಂದ. ನಮ್ಮ ಗ್ರಿಡ್ ನಿಯಮದಲ್ಲಿ ಆವೃತ್ತಿ ಇರಬೇಕಾದ ವ್ಯಾಪ್ತಿಯೇ 49.90ರಿಂದ 50.05. ದೇಶದಲ್ಲಿ ಬೇಡಿಕೆ ಏರಿದಾಗ ಕೊಂಚ ಇಳಿಯುತ್ತದೆ, ಉತ್ಪಾದನೆ ಜಾಸ್ತಿಯಾದಾಗ ಕೊಂಚ ಏರುತ್ತದೆ. ತಲಪಾಡಿ ಗಡಿಯ ಈಚೆ ಕೆಎಸ್‌ಇಬಿ, ಆಚೆ ಮೆಸ್ಕಾಂ. ಬಿಲ್ ಬೇರೆ, ಆದರೆ ಆವೃತ್ತಿ ಎರಡೂ ಕಡೆ ಒಂದೇ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಸೇರಿದ ಮೇಲೆ ದೆಹಲಿಯ ಆವೃತ್ತಿಯೂ ಅದೇ. ಆದ್ದರಿಂದ ಇನ್ನೊಂದು ಕಾಲೇಜಿನ ಲ್ಯಾಬಿಗೆ ಹೋಗಿ ಅಳೆದರೆ ಸರಿ ಹೋದೀತು ಅಂದುಕೊಳ್ಳಬೇಡಿ.

ಲೆಕ್ಕ ಹಾಕಿ ನೋಡಿ. ಆ ಹೊತ್ತಿಗೆ ಮೇನ್ಸ್ 49.92 ಇತ್ತು ಅನ್ನೋಣ. ಅದರ ಒಂದೂವರೆ ಪಟ್ಟು 74.88. ಜನರೇಟರ್ ಕರಾರುವಾಕ್ಕಾಗಿ 75.00ರಲ್ಲೇ ಇದ್ದರೂ ವ್ಯತ್ಯಾಸ 0.12. ಆಕೃತಿ 1 / (2 × 0.12), ಅಂದರೆ ಸುಮಾರು 4.2 ಸೆಕೆಂಡಿಗೊಮ್ಮೆ ತಿರುಗುತ್ತದೆ. ನೀವು ಕಂಡದ್ದು ಇಷ್ಟೇ ಇರಬಹುದು. ತಿರುಗಾಟದ ವೇಗ ತಾನಾಗಿಯೇ ಹೆಚ್ಚು ಕಡಿಮೆ ಆಗುತ್ತಿದ್ದರೆ ಮೇನ್ಸನ್ನು ಅನುಮಾನಿಸಲು ಕಾರಣ ಇದೆ, ಆದರೆ ಹಳೆಯ ಜನರೇಟರ್ ಬಿಸಿಯಾಗುತ್ತಾ ಸರಿಯುವುದೂ ಉಂಟು. ತೀರ್ಮಾನ ಬೇಕಾದರೆ X ಗೆ ಮೇನ್ಸ್ ತೆಗೆದು ಕ್ರಿಸ್ಟಲ್ ಇರುವ ಇನ್ನೊಂದು ಡಿಜಿಟಲ್ ಜನರೇಟರಿನಿಂದ 50 ಹರ್ಟ್ಸ್ ಕೊಡಿ. ಆಗಲೂ ಅದೇ ಥರ ತಿರುಗಿದರೆ ತಪ್ಪು Y ಯದ್ದು.

ಈ ವಿಧಾನದ ಹುಟ್ಟು ಕೂಡ ಇಂಥ ಸಣ್ಣ ವ್ಯತ್ಯಾಸ ಹಿಡಿಯುವ ಕೆಲಸದಲ್ಲೇ. ಫ್ರಾನ್ಸಿನ ಜೂಲ್ ಆಂತ್ವಾನ್ ಲಿಸಾಜು 1857ರ ಹೊತ್ತಿಗೆ ಶ್ರುತಿಕವೆಗಳಿಗೆ ಪುಟ್ಟ ಕನ್ನಡಿ ಕಟ್ಟಿ, ಒಂದರಿಂದ ಇನ್ನೊಂದಕ್ಕೆ ಬೆಳಕು ಹಾಯಿಸಿ ಇದೇ ಆಕೃತಿಗಳನ್ನು ಪರದೆಯ ಮೇಲೆ ತೋರಿಸಿದರು. ನಿಮ್ಮ 3:2 ಸಂಗೀತದವರಿಗೆ ಷಡ್ಜ-ಪಂಚಮ. ಆಕೃತಿ ನಿಂತರೆ ಎರಡು ಕವೆಗಳ ಶ್ರುತಿ ಕೂಡಿದೆ, ಮೆಲ್ಲಗೆ ತಿರುಗಿದರೆ ಕಿವಿಗೆ ಗೊತ್ತಾಗದಷ್ಟು ತಪ್ಪಿದೆ.

ಎಣಿಕೆಗೂ ಮಿತಿ ಇದೆ. 3:2, 4:3, 5:4ರವರೆಗೆ ಕಣ್ಣಿಗೆ ಸಿಗುತ್ತದೆ. 9:8 ಬಂದರೆ ಬಲೆಯಾಗಿಬಿಡುತ್ತದೆ, ಆಗ X ನ ಆವೃತ್ತಿಯನ್ನೇ ಬದಲಿಸಿ ಸರಳ ಅನುಪಾತಕ್ಕೆ ತರುವುದು ಒಳ್ಳೆಯದು. ನಿಮ್ಮಲ್ಲಿರುವುದು ಡಿಜಿಟಲ್ ಸ್ಕೋಪ್ ಆದರೆ ಇನ್ನೊಂದು ಎಚ್ಚರ: X-Y ಮೋಡ್‌ನಲ್ಲೂ ಅದು ಒಂದಿಷ್ಟು ಹೊತ್ತಿನ ತುಂಡನ್ನು ಮಾತ್ರ ಹಿಡಿದು ಬಿಡಿಸುತ್ತದೆ. 75 ಮತ್ತು 50ರ ಆಕೃತಿ ಒಂದು ಸುತ್ತು ಮುಗಿಸಲು 40 ಮಿಲಿಸೆಕೆಂಡ್ ಬೇಕು. ತುಂಡು ಅದಕ್ಕಿಂತ ಚಿಕ್ಕದಾದರೆ ಆಕೃತಿ ಅರ್ಧಕ್ಕೇ ತುಂಡಾಗಿ, ಅಂಚಿಗೆ ಮುಟ್ಟದ ಎರಡು ತುದಿಗಳು ಪರದೆಯ ನಡುವೆ ಕಾಣುತ್ತವೆ. ಹಾಗೆ ಕಂಡರೆ ಎಣಿಸಬೇಡಿ. ಟೈಮ್/ಡಿವಿಷನ್ ಹೆಚ್ಚಿಸಿ, ಮುಚ್ಚಿದ ಸುತ್ತು ಬಂದ ಮೇಲೆ ಎಣಿಸಿ. ಜನರೇಟರಿನ ಅಲೆ ಸೈನ್ ಇದೆಯಾ ಅಂತಲೂ ನೋಡಿಕೊಳ್ಳಿ. ಎರಡೂ ಕಡೆ ಚೌಕ ಅಲೆ ಕೊಟ್ಟರೆ ಮೂಲೆಗಳಲ್ಲಿ ನಾಲ್ಕು ಚುಕ್ಕೆ ಬಿಟ್ಟರೆ ಏನೂ ಉಳಿಯುವುದಿಲ್ಲ.

ಮನೆಯಲ್ಲಿ ಮಾಡಿ ನೋಡುವ ಆಸೆ ಇದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ 230 ವೋಲ್ಟನ್ನು ನೇರ ಸ್ಕೋಪಿಗೆ ಯಾವತ್ತೂ ಕೊಡಬೇಡಿ. ಎರಡು ಚಾನೆಲ್ಲಿನ ಗ್ರೌಂಡ್ ಕ್ಲಿಪ್ಪುಗಳು ಒಳಗೆ ಒಂದಕ್ಕೊಂದು ಸೇರಿರುತ್ತವೆ, ಭೂಮಿಗೂ ಸೇರಿರುತ್ತವೆ.

ರೆಕಾರ್ಡಿನಲ್ಲಿ ಹೀಗೆ ಬರೆಯಿರಿ: X ಗೆ ಮೇನ್ಸ್, 50 ಹರ್ಟ್ಸ್ ಎಂದು ಇಟ್ಟುಕೊಂಡಿದೆ, ಮೇಲಂಚು 3, ಬದಿ 2, Y ಯ ಆವೃತ್ತಿ 75 ಹರ್ಟ್ಸ್, ಆಕೃತಿ ಇಷ್ಟು ಸೆಕೆಂಡಿಗೊಮ್ಮೆ ಮರಳುತ್ತದೆ. ಆ ಕೊನೆಯ ಸಾಲಿನಲ್ಲಿ ನೀವೇ ಅಳೆದ T ಹಾಕಿ. ದಶಮಾಂಶದ ನಂತರ ಎರಡು ಮೂರು ಅಂಕಿ ಬರೆಯುವುದು ಬೇಡ, ಮೇನ್ಸನ್ನು ನೆಚ್ಚಿದ ಅಳತೆಗೆ ಅಷ್ಟು ಅರ್ಹತೆ ಇಲ್ಲ.