ಪೋಸ್ಟರ್ ಚಿತ್ರದಲ್ಲಿ ಅಕ್ಷರ ಅಳಿಸಿ ಮತ್ತೆ ಬರೆಯುವುದು: ಫೋಟೊಪೀ ಹಿಡಿದು ಒಂದು ಟಿಪ್ಪಣಿ

ಪೋಸ್ಟರ್‌ನ ಮೂಲ ಫೈಲ್ ಕೈಲಿದ್ದರೆ ಈ ಟಿಪ್ಪಣಿ ಬೇಕಾಗಿಲ್ಲ. ಅದನ್ನು ತೆರೆದು ತಾರೀಖು ಬದಲಿಸಿದರೆ ಮುಗಿಯಿತು. ಆದರೆ ನಮ್ಮ ಕೈಗೆ ಸಿಗುವುದು ಸಾಮಾನ್ಯವಾಗಿ ವಾಟ್ಸಾಪ್‌ನಲ್ಲಿ ಬಂದ ಒಂದು JPG. ಅದರಲ್ಲಿ ಅಕ್ಷರಗಳು ಇರುವುದೇ ಇಲ್ಲ. ಅಕ್ಷರದ ಆಕಾರದಲ್ಲಿ ಬಣ್ಣದ ಚುಕ್ಕಿಗಳಿರುತ್ತವೆ, ಅಷ್ಟೆ. ಅಕ್ಷರದ ಹಿಂದೆ ಏನಿತ್ತು ಅನ್ನುವುದು ಫೈಲ್‌ನಲ್ಲಿ ಎಲ್ಲೂ ಉಳಿದಿಲ್ಲ. ಹಾಗಾಗಿ ಇಲ್ಲಿ ಅಳಿಸುವುದು ಅಂದರೆ ಅಕ್ಕಪಕ್ಕದ ಹಿನ್ನೆಲೆ ನೋಡಿ, ಅದೇ ಥರದ್ದನ್ನು ಮೇಲೆ ಬಳಿಯುವುದು.

ಉದಾಹರಣೆಗೆ ಒಂದು ರಕ್ತದಾನ ಶಿಬಿರದ ಪೋಸ್ಟರ್ ತಗೊಳ್ಳೋಣ. ಅಳತೆ 1131×1600 ಚುಕ್ಕಿ. ಮೇಲೆ ಹಳದಿ ಪಟ್ಟಿ, ಅದರ ಮೇಲೆ ಕಪ್ಪಕ್ಷರದಲ್ಲಿ "ದಿನಾಂಕ: 14 ಜೂನ್ 2026, ಭಾನುವಾರ". ಕೆಳಗೆ ನೀಲಿ ಪಟ್ಟಿ, ಅದು ಮೇಲಿನಿಂದ ಕೆಳಕ್ಕೆ ತಿಳಿಯಿಂದ ಗಾಢಕ್ಕೆ ಹೋಗುತ್ತದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ "ಸ್ಥಳ: ಸರ್ಕಾರಿ ಪ್ರೌಢಶಾಲೆ". ಶಿಬಿರ ಒಂದು ವಾರ ಮುಂದಕ್ಕೆ ಹೋಗಿದೆ, ಜಾಗ ಅಂಬೇಡ್ಕರ್ ಭವನಕ್ಕೆ ಬದಲಾಗಿದೆ. ಪೋಸ್ಟರ್ ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ತಿದ್ದಿ ಅಂತ ಹೇಳಿದ್ದು ಶಿಬಿರ ನಡೆಸುವವರೇ, ಆದ್ದರಿಂದ ಅನುಮತಿಯ ತೊಂದರೆ ಇಲ್ಲ. ಅಂಕಪಟ್ಟಿ, ಪ್ರಮಾಣಪತ್ರ, ರಸೀದಿಗಳನ್ನು ಇದೇ ರೀತಿ ತಿದ್ದಿದರೆ ಅದು ಫೋರ್ಜರಿ. ಆ ಮಾತು ಇಲ್ಲಿಗೇ ಬಿಡೋಣ.

ನಾನು ಬಳಸುವುದು ಫೋಟೊಪೀ, photopea.com. ಬ್ರೌಸರ್‌ನಲ್ಲೇ ತೆರೆಯುತ್ತದೆ, ದುಡ್ಡು ಬೇಡ, ಪಕ್ಕದಲ್ಲಿ ಜಾಹೀರಾತು ಇರುತ್ತದೆ. ಚಿತ್ರ ಅವರ ಸರ್ವರ್‌ಗೆ ಹೋಗುವುದಿಲ್ಲ, ಕೆಲಸವೆಲ್ಲ ನಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಲೇಯರ್‌ಗಳಿವೆ, ನಮ್ಮದೇ ಫಾಂಟ್ ಹಾಕಿಕೊಳ್ಳಬಹುದು. ಕನ್ನಡದ ಕೆಲಸಕ್ಕೆ ಈ ಎರಡು ಇರಲೇಬೇಕು.

ಹಳದಿ ಪಟ್ಟಿಯ ಸಾಲು

ಕೇಳಿದರೆ ಸುಲಭ ಅನ್ನಿಸುತ್ತದೆ: ಐಡ್ರಾಪರ್‌ನಿಂದ ಹಳದಿ ಬಣ್ಣ ಎತ್ತಿಕೊಂಡು, ಸಾಲಿನ ಸುತ್ತ ಚೌಕ ಆರಿಸಿ, `Edit > Fill` ಕೊಡುವುದು. ಮಾಡಿ ನೋಡಿದರೆ ಸುತ್ತ ಒಂದು ಮಂಕು ಚೌಕಟ್ಟು ಕಾಣುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಅಕ್ಷರದ ಅಂಚನ್ನು 500% ಹಿಗ್ಗಿಸಿ ನೋಡಿ. ದೂರದಿಂದ ಒಂದೇ ಹಳದಿ ಅನ್ನಿಸಿದ್ದು ಅಲ್ಲಿ ಹಾಗಿಲ್ಲ. ಅಕ್ಷರದ ಸುತ್ತ ಬೂದು ಬೂದಾಗಿ, ಹಸಿರು ಮಿಶ್ರವಾಗಿ ಕೊಳೆ ಹರಡಿರುತ್ತದೆ. ಇದು JPG ಮಾಡುವ ಕೆಲಸ. ಅದು ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸಿ ಗಾತ್ರ ಇಳಿಸುತ್ತದೆ. ಬಣ್ಣದ ವಿವರಕ್ಕೆ ಬಹಳ ಸಲ 16×16ರ ಲೆಕ್ಕ. ಒಂದು ಚೌಕದಲ್ಲಿ ಕಪ್ಪಂಚು ಬಂದರೆ ಆ ಇಡೀ ಚೌಕದಲ್ಲಿ ಕೊಳೆ ಏಳುತ್ತದೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ಬಣ್ಣ ಎತ್ತುವಾಗ ಅಕ್ಷರದ ಪಕ್ಕದಲ್ಲಿ ಎತ್ತಬಾರದು. ಪಟ್ಟಿಯ ಖಾಲಿ ಜಾಗಕ್ಕೆ ಹೋಗಿ ಅಲ್ಲಿಂದ ಎತ್ತಬೇಕು. ಎರಡನೆಯದು, ಆಯ್ಕೆಯ ಚೌಕ ಅಕ್ಷರಕ್ಕೆ ಅಂಟಿಕೊಂಡಿರಬಾರದು. ನಾಲ್ಕೂ ಕಡೆ 16 ಚುಕ್ಕಿ ಹೊರಗೆ ಬಂದರೆ ಕೊಳೆಯೂ ಮುಚ್ಚಿಹೋಗುತ್ತದೆ. ಅಷ್ಟು ಜಾಗ ಇಲ್ಲದೆ ಪಕ್ಕದಲ್ಲಿ ಲೋಗೊ ಇದ್ದರೆ ಆ ಕಡೆ ಮಾತ್ರ ಕಮ್ಮಿ ಮಾಡಿ.

ಫಿಲ್ ಮಾಡುವ ಮೊದಲು `Layer > New > Layer` ಕೊಟ್ಟು ಹೊಸ ಲೇಯರ್ ಮಾಡಿ, ತೇಪೆ ಅದರ ಮೇಲೆ ಇರಲಿ. ಹಳೆಯ ಸಾಲು ಕೆಳಗೆ ಹಾಗೇ ಉಳಿಯುತ್ತದೆ. ಕಣ್ಣಿನ ಗುರುತು ಒತ್ತಿ ತೇಪೆ ತೆಗೆದರೆ ಮತ್ತೆ ಕಾಣುತ್ತದೆ. ಇದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ನೀಲಿ ಪಟ್ಟಿಯ ಸಾಲು

ಇಲ್ಲಿ ಒಂದೇ ಬಣ್ಣ ಬಳಿದರೆ ತೇಪೆ ಎದ್ದು ಕಾಣುತ್ತದೆ. ಗ್ರೇಡಿಯೆಂಟ್ ಟೂಲ್ ಹಿಡಿದು ಬಣ್ಣ ಹೊಂದಿಸಲು ಹೋದರೆ ಹೊತ್ತು ಹೋಗುತ್ತದೆ, ಸರಿಯಾಗಿ ಕೂಡುವುದೂ ಇಲ್ಲ. ಅದಕ್ಕಿಂತ ಒಳ್ಳೆಯ ದಾರಿ ಪಟ್ಟಿಯಲ್ಲೇ ಇದೆ. ಬಣ್ಣ ಬದಲಾಗುವುದು ಮೇಲಿಂದ ಕೆಳಕ್ಕೆ ಮಾತ್ರ, ಎಡದಿಂದ ಬಲಕ್ಕೆ ಒಂದೇ ಇದೆ ಅಲ್ವಾ? ಹಾಗಾದರೆ ಲೇಯರ್ ಪಟ್ಟಿಯಲ್ಲಿ ಮೊದಲು ಮೂಲ ಚಿತ್ರದ ಲೇಯರ್ ಒತ್ತಿಕೊಂಡು, ಸಾಲಿನ ಎಡಕ್ಕಿರುವ ಖಾಲಿ ಜಾಗದಲ್ಲಿ, ಸಾಲಿಗಿಂತ ಸ್ವಲ್ಪ ಹೆಚ್ಚು ಎತ್ತರದ, 10 ಚುಕ್ಕಿ ಅಗಲದ ಒಂದು ಉದ್ದನೆಯ ಸೀಳು ಆರಿಸಿ. `Ctrl+J` ಒತ್ತಿದರೆ ಅದು ಬೇರೆ ಲೇಯರ್ ಆಗುತ್ತದೆ. `Alt+Ctrl+T` ಒತ್ತಿ, ಬಲಗಡೆಯ ಹಿಡಿಕೆ ಹಿಡಿದು ಸಾಲಿನ ಕೊನೆವರೆಗೂ ಎಳೆಯಿರಿ. ಅಗಲ ಮಾತ್ರ ಹಿಗ್ಗಬೇಕು. ಎತ್ತರವೂ ಜೊತೆಗೆ ಹಿಗ್ಗಿದರೆ `Shift` ಒತ್ತಿ ಎಳೆದು ನೋಡಿ. ಅದೇ ಪಟ್ಟಿಯ ಬಣ್ಣ ಅದೇ ಎತ್ತರದಲ್ಲಿ ಕೂರುವುದರಿಂದ ಗೆರೆ ಕಾಣುವುದಿಲ್ಲ.

ಬಣ್ಣ ಓರೆಯಾಗಿ ಹರಿದಿದ್ದರೆ ಅಥವಾ ನಡುವಿನಿಂದ ವೃತ್ತದಂತೆ ಹರಡಿದ್ದರೆ ಈ ಉಪಾಯ ನಡೆಯದು. ಆಗ `Edit > Fill`ನಲ್ಲಿ ಅಕ್ಕಪಕ್ಕದ್ದನ್ನು ನೋಡಿ ತಾನೇ ತುಂಬುವ `Content-Aware` ಆರಿಸಿ ನೋಡಬಹುದು, ಇಲ್ಲವಾದರೆ ಒಂದು ಕಡೆಯದ್ದನ್ನು ನಕಲು ಮಾಡಿ ಇನ್ನೊಂದು ಕಡೆ ಬಳಿಯುವ ಕ್ಲೋನ್ ಸ್ಟ್ಯಾಂಪ್. ಅಕ್ಷರ ಕೂತಿರುವುದು ಫೋಟೊ ಮೇಲಾದರೆ, ಆಕಾಶ, ಗೋಡೆ, ಹುಲ್ಲು ಇದ್ದಲ್ಲಿ ಇವೆರಡೂ ಪರವಾಗಿಲ್ಲ. ಮುಖ, ಕೈಬೆರಳು, ಸೀರೆಯ ಅಂಚಿನ ಮೇಲಿದ್ದರೆ ಪ್ರಯತ್ನವನ್ನೇ ಮಾಡಬೇಡಿ. ಅಲ್ಲಿ ಒಂದು ಬಣ್ಣದ ಪಟ್ಟಿ ಹಾಕಿ ಅದರ ಮೇಲೆ ಹೊಸದಾಗಿ ಬರೆಯುವುದೇ ಚೆನ್ನ.

ಕನ್ನಡ ಬರೆಯುವ ಹೊತ್ತಿಗೆ

ಇಂಗ್ಲಿಷ್ ವಿಡಿಯೊಗಳು ಇಲ್ಲಿಗೆ ಮುಗಿಯುತ್ತವೆ, ನಮ್ಮ ನಿಜವಾದ ತೊಂದರೆ ಇಲ್ಲಿಂದ ಶುರು. ಯೂನಿಕೋಡ್‌ನಲ್ಲಿ "ಡ್ಕ" ಅಂದರೆ ಡ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಕ ಎಂಬ ಮೂರು ಸಂಕೇತಗಳು. ಅವನ್ನು ಸೇರಿಸಿ ಕೆಳಗೆ ಒತ್ತು ಕೂರಿಸುವ ಕೆಲಸ ಫಾಂಟ್ ಮತ್ತು ಎಡಿಟರ್ ಎರಡೂ ಸೇರಿ ಮಾಡಬೇಕು. ಎಡಿಟರ್‌ಗೆ ಅದು ಬರದಿದ್ದರೆ "ಅಂಬೇಡ್ಕರ್" ಹೋಗಿ "ಅಂಬೇಡ್‌ಕರ್" ಆಗುತ್ತದೆ. ಅದಕ್ಕೇ ಯಾವ ಎಡಿಟರ್ ಆದರೂ ಮೊದಲು "ಸೂರ್ಯ", "ಸ್ತ್ರೀ", "ಕ್ಷೇತ್ರ" ಅಂತ ಟೈಪ್ ಮಾಡಿ ನೋಡಿ. ಅರ್ಕಾವತ್ತು ಬಲಕ್ಕೆ ಬಂತೇ, ಎರಡು ಒತ್ತು ಒಟ್ಟಿಗೆ ಕೂತವೇ ನೋಡಿ. ಈ ಮೂರು ಸರಿ ಬಂದರೆ ಉಳಿದದ್ದೂ ಬಹುತೇಕ ಸರಿ ಬರುತ್ತದೆ.

ಫಾಂಟ್ ವಿಷಯ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ 2, ಅನೇಕ್ ಕನ್ನಡ, ಹುಬ್ಬಳ್ಳಿ ಎಲ್ಲ ಉಚಿತವಾಗಿ ಸಿಗುತ್ತವೆ. ಡೌನ್‌ಲೋಡ್ ಮಾಡಿ ಆ TTF ಫೈಲನ್ನು ಫೋಟೊಪೀ ಕಿಟಕಿಯೊಳಗೆ ಎಳೆದು ಬಿಟ್ಟರೆ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಆದರೆ ನಮ್ಮ ಊರುಗಳ ಪೋಸ್ಟರ್‌ಗಳು ಬಹಳಷ್ಟು ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿರುತ್ತವೆ. `Nudi 01 e` ಹಾಕಿಕೊಂಡು ಯೂನಿಕೋಡ್ ಕನ್ನಡ ಟೈಪ್ ಮಾಡಿದರೆ ಆ ಫಾಂಟ್ ಬರುವುದೇ ಇಲ್ಲ. ಅದರೊಳಗೆ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಅದಕ್ಕೆ "ಕನ್ನಡ" ಬೇಕಾದರೆ ಕೊಡಬೇಕಾದದ್ದು ಹೀಗೆ:

```
PÀ£ÀßqÀ
```

ಇಲ್ಲಿ `ß` ಅನ್ನುವುದೇ ನ ಒತ್ತು. ಅಂದರೆ ಒತ್ತು ತಾನೇ ಒಂದು ಬೇರೆ ಅಕ್ಷರ, ಎಡಿಟರ್ ಏನನ್ನೂ ಸೇರಿಸಬೇಕಾಗಿಲ್ಲ. ಹಳೇದು ಅಂತ ನಾವು ಬಯ್ಯುವ ಈ ಫಾಂಟ್‌ಗಳು ಇಂಥ ಕೆಲಸಕ್ಕೆ ಮಾತ್ರ ಅನುಕೂಲ: ಒತ್ತು ಕೂರಿಸಲು ಬಾರದ ಎಡಿಟರ್‌ನಲ್ಲೂ ಕನ್ನಡ ಒಡೆಯುವುದಿಲ್ಲ. ಯೂನಿಕೋಡ್‌ನಿಂದ ಈ ಹಳೆಯ ರೀತಿಗೆ, ಅಂದರೆ ಆಸ್ಕಿಗೆ, ಬದಲಿಸುವ ಪುಟಗಳು ಆನ್‌ಲೈನ್‌ನಲ್ಲಿವೆ. ಸಾಲನ್ನು ಅಲ್ಲಿ ಹಾಕಿ, ಬಂದದ್ದನ್ನು ನಕಲು ಮಾಡಿ, ನುಡಿ ಫಾಂಟ್ ಕೊಟ್ಟರೆ ಆಯಿತು.

ಆ ದಾರಿಯೂ ಬೇಡ ಅಂದರೆ ಇನ್ನೊಂದಿದೆ. ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಸಾಲನ್ನು ಅಲ್ಲಿ ಬಿಳಿ ಹಾಳೆಯ ಮೇಲೆ ಕಪ್ಪಕ್ಷರದಲ್ಲಿ ದೊಡ್ಡದಾಗಿ ಬರೆದು, ಸ್ಕ್ರೀನ್‌ಶಾಟ್ ತೆಗೆದು ಫೋಟೊಪೀಗೆ ತನ್ನಿ. ಲೇಯರ್‌ನ ಬ್ಲೆಂಡ್ ಮೋಡ್ `Multiply` ಮಾಡಿದರೆ ಬಿಳಿ ಮಾಯವಾಗಿ ಕಪ್ಪಕ್ಷರ ಮಾತ್ರ ಉಳಿಯುತ್ತದೆ. ನೀಲಿ ಪಟ್ಟಿಗೆ ಬಿಳಿ ಅಕ್ಷರ ಬೇಕು. ಅದಕ್ಕೆ `Ctrl+I` ಒತ್ತಿ ತಿರುಗಿಸಿ, ಮೋಡ್ `Screen` ಕೊಡಿ. ಕೆಂಪು, ಹಸಿರು ಅಕ್ಷರ ಬೇಕಾದರೆ ಇಷ್ಟು ಸಲೀಸಲ್ಲ.

ಹೊಂದಿಸುವುದು

"14" ಒಂದನ್ನೇ ಅಳಿಸಿ "21" ಬರೆಯೋಣ ಅನ್ನಿಸುತ್ತದೆ. ಬೇಡ. ಫಾಂಟ್ ಕೂದಲೆಳೆಯಷ್ಟು ಬೇರೆ ಇದ್ದರೂ ಒಂದೇ ಸಾಲಿನಲ್ಲಿ ಹಳೆಯದೂ ಹೊಸದೂ ಪಕ್ಕಪಕ್ಕ ನಿಂತಾಗ ಕಣ್ಣಿಗೆ ಹೊಡೆಯುತ್ತದೆ. ಇಡೀ ಸಾಲು ಹೊಸ ಫಾಂಟ್‌ನಲ್ಲಿದ್ದರೆ ಯಾರೂ ಗಮನಿಸುವುದಿಲ್ಲ. ಪೋಸ್ಟರ್‌ಗಳಲ್ಲಿ ಸಾಲಿಗೊಂದು ಫಾಂಟ್ ಇರುವುದು ಮಾಮೂಲಿ.

ಗಾತ್ರವನ್ನು ಅಂದಾಜಿನಲ್ಲಿ ಕೊಡಬೇಡಿ. ಹಳದಿ ತೇಪೆಯ ಲೇಯರನ್ನು ಮರೆಮಾಡಿ, ಹಳೆಯ ಸಾಲು ಕಾಣಲಿ. ಅದರ ಮೇಲೆ ಅದೇ ಹಳೆಯ ಮಾತನ್ನೇ ಟೈಪ್ ಮಾಡಿ: "ದಿನಾಂಕ: 14 ಜೂನ್ 2026, ಭಾನುವಾರ". ಟೈಪ್ ಲೇಯರ್‌ನ ಒಪ್ಯಾಸಿಟಿ 50% ಇಳಿಸಿದರೆ ಎರಡೂ ಕಾಣುತ್ತವೆ. ಮೊದಲ "ದಿ" ಮತ್ತು ಕೊನೆಯ "ರ" ಒಂದರ ಮೇಲೊಂದು ಕೂರುವವರೆಗೆ ಗಾತ್ರ ಮತ್ತು ಅಕ್ಷರಗಳ ನಡುವಿನ ಅಂತರ ಬದಲಿಸಿ. ಕೂತ ಮೇಲೆ ತೇಪೆ ತೋರಿಸಿ, ಒಪ್ಯಾಸಿಟಿ 100% ಮಾಡಿ, ಆಗ 14 ತೆಗೆದು 21 ಹಾಕಿ. 21ನೂ ಭಾನುವಾರವೇ, ವಾರದ ಹೆಸರು ಮುಟ್ಟಬೇಕಾಗಿಲ್ಲ. ಬೇರೆ ತಾರೀಖಾದರೆ ವಾರ ಬದಲಿಸಲು ಮರೆಯುವವರೇ ಜಾಸ್ತಿ.

ಇಷ್ಟಾದರೂ ಹೊಸ ಸಾಲು ಏನೋ ಬೇರೆ ಥರ ಕಾಣುತ್ತದೆ. ಅದು ತೀರಾ ಚೂಪಾಗಿದೆ, ಸುತ್ತಲಿನ ಹಳೆಯ ಅಕ್ಷರಗಳು ಮಸುಕಾಗಿವೆ. ಟೈಪ್ ಲೇಯರ್‌ನ ಒಂದು ನಕಲು ಇಟ್ಟುಕೊಂಡು `Filter > Blur > Gaussian Blur`ನಲ್ಲಿ 0.5ರ ಆಸುಪಾಸು ಕೊಟ್ಟು ನೋಡಿ. ಕಪ್ಪು ಬಣ್ಣವನ್ನೂ ಪೂರ್ತಿ ಕಪ್ಪು ಕೊಡದೆ, ಹಳೆಯ ಅಕ್ಷರದ ದಪ್ಪ ಭಾಗದ ನಡುವಿನಿಂದ ಐಡ್ರಾಪರ್‌ನಲ್ಲಿ ಎತ್ತಿಕೊಳ್ಳಿ.

ಎಲ್ಲಿ ನಿಲ್ಲಬೇಕು

ಮೊಬೈಲ್‌ನಲ್ಲಿ ನೋಡಲು ಇಷ್ಟು ಸಾಕು. ಮುದ್ರಣಕ್ಕೆ ಸಾಲದು. A4 ಹಾಳೆಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಬೇಕಾದರೆ 2480×3508 ಚುಕ್ಕಿ ಇರಬೇಕು. ನಮ್ಮ ಚಿತ್ರ ಅದೇ ಹಾಳೆಗೆ ಸುಮಾರು 137 ಡಿಪಿಐ ಮಾತ್ರ. `Image Size`ನಲ್ಲಿ ದುಪ್ಪಟ್ಟು ಮಾಡಿ ಬರೆದರೆ ಹೊಸ ಸಾಲು ಮಾತ್ರ ಚೊಕ್ಕವಾಗಿ, ಉಳಿದದ್ದೆಲ್ಲ ಮಂಜಾಗಿ ಬರುತ್ತದೆ. ಫ್ಲೆಕ್ಸ್ ಮಾಡಿಸುವುದಾದರೆ ಪೋಸ್ಟರನ್ನು ಹೊಸದಾಗಿ ಮಾಡುವುದೇ ಬೇಗ ಮುಗಿಯುತ್ತದೆ. ತಿದ್ದಬೇಕಾದ ಸಾಲುಗಳು ಮೂರು ನಾಲ್ಕು ದಾಟಿದರೂ ಅಷ್ಟೇ.

ಮೂಲೆಯಲ್ಲಿ ಕ್ಯೂಆರ್ ಕೋಡ್ ಇದ್ದರೆ ಅದನ್ನು ಸ್ಕ್ಯಾನ್ ಮಾಡಿ ನೋಡಿ. ಅದರೊಳಗೆ ಹಳೆಯ ಜಾಗದ ಮ್ಯಾಪ್ ಲಿಂಕ್ ಇದ್ದರೆ, ಮೇಲೆ ಏನೇ ಬರೆದರೂ ಜನ ಹೋಗಿ ನಿಲ್ಲುವುದು ಶಾಲೆಯ ಗೇಟಿನ ಮುಂದೆ. ಕೋಡನ್ನು ತಿದ್ದಲು ಬರುವುದಿಲ್ಲ, ಹೊಸದು ಮಾಡಿ ಅದರ ಮೇಲೆ ಕೂರಿಸಬೇಕು.

ಉಳಿಸುವಾಗ ಲೇಯರ್ ಸಮೇತ PSD ಒಂದು ಇಟ್ಟುಕೊಳ್ಳಿ, ಯಾಕೆಂದರೆ ತಾರೀಖು ಇನ್ನೊಮ್ಮೆ ಬದಲಾಗಬಹುದು. ಹಂಚಲು `File > Export as > PNG`. JPG ಮಾಡಿದರೆ ಕೊಳೆಯ ಮೇಲೆ ಕೊಳೆ ಸೇರುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾಡಿದ್ದು ಮಾಡಿದ ಹಾಗೆ ತಲುಪುತ್ತದೆ.