ಅಳಿಸಿದ ಮೇಲೂ ವಾಪಸ್ ಬಂದ ಹಳೇ ಬೆಲೆ

ಒಂದು ದಿನಸಿ ವೆಬ್‌ಸೈಟಿನಲ್ಲಿ 25 ಕಿಲೋ ಅಕ್ಕಿ ಮೂಟೆಯ ಪುಟವನ್ನು ನಿಮಿಷಕ್ಕೆ ಸಾವಿರ ಜನ ತೆರೆಯುತ್ತಾರೆ ಅಂದುಕೊಳ್ಳಿ. ಸಾವಿರ ಸಲವೂ ಡೇಟಾಬೇಸನ್ನು ಕೇಳುವುದು ಒಂದೇ ಮಾತು, ಮೂಟೆಗೆ ಎಷ್ಟು ಅಂತ. ಉತ್ತರವೂ ಒಂದೇ, 1450 ರೂಪಾಯಿ. ಹಾಗಾಗಿ ಮೊದಲ ಸಲ ಸಿಕ್ಕ ಉತ್ತರವನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಉಳಿದವರಿಗೆ ಅಲ್ಲಿಂದಲೇ ಕೊಡುತ್ತೇವೆ. ಇದೇ ಕ್ಯಾಶ್. ಕ್ಯಾಶ್ ಇಡಲು ಬಳಸುವ ರೆಡಿಸ್ ಅನ್ನುವ ತಂತ್ರಾಂಶದಲ್ಲಿ ಹೀಗೆ ಬರೆಯಬಹುದು:

```
SET bele:27 1450 EX 300
```

27 ಅನ್ನುವುದು ಮೂಟೆಯ ನಂಬರು. 300 ಅದರ ಆಯಸ್ಸು, ಸೆಕೆಂಡುಗಳಲ್ಲಿ. ಐದು ನಿಮಿಷ ಕಳೆದರೆ ಉತ್ತರ ತಾನಾಗಿ ಅಳಿಸಿಹೋಗುತ್ತದೆ. ಆಮೇಲೆ ಕೇಳಿದವರಿಗೆ ಮತ್ತೆ ಡೇಟಾಬೇಸೇ ಗತಿ.

ಈ ಐದು ನಿಮಿಷದೊಳಗೆ ಬೆಲೆ 1500 ಆದರೆ? ಪುಟ ಮಾತ್ರ 1450 ಅಂತಲೇ ಹೇಳುತ್ತಿರುತ್ತದೆ. ಅದಕ್ಕೆ ಎಲ್ಲರೂ ಮಾಡುವ ಉಪಾಯ, ಡೇಟಾಬೇಸಿನಲ್ಲಿ ಬೆಲೆ ಬದಲಿಸಿದ ಕೂಡಲೇ ಕ್ಯಾಶಿನಿಂದ ಹಳೆಯದನ್ನು ಅಳಿಸುವುದು. ಅಷ್ಟು ಸಾಕು ಅಲ್ವಾ? ನಾನೂ ಬಹಳ ದಿನ ಹಾಗೇ ನಂಬಿದ್ದೆ. ಸಾಲದು.

ಒಬ್ಬ ಗ್ರಾಹಕರು ಪುಟ ತೆರೆದಾಗ ಕ್ಯಾಶ್ ಖಾಲಿ ಇದೆ. ಅವರಿಗಾಗಿ ಸರ್ವರ್ ಡೇಟಾಬೇಸಿನಿಂದ 1450 ಓದಿಕೊಂಡಿತು. ಅದನ್ನಿನ್ನೂ ಕ್ಯಾಶಿಗೆ ಹಾಕಿಲ್ಲ. ಅಷ್ಟರಲ್ಲೇ ಇನ್ನೊಂದು ಸರ್ವರಿನಿಂದ ಮಾಲೀಕರು ಬೆಲೆಯನ್ನು 1500 ಮಾಡಿದರು. ಆ ಸರ್ವರ್ ಕ್ಯಾಶನ್ನು ಅಳಿಸಲು ಹೋಯಿತು, ಆದರೆ ಅಲ್ಲಿ ಅಳಿಸುವಂಥದ್ದೇನೂ ಇರಲಿಲ್ಲ. ಈಗ ಮೊದಲ ಸರ್ವರ್ ನಿಧಾನಕ್ಕೆ ಬಂದು, ಕೈಯಲ್ಲಿದ್ದ 1450ನ್ನು ಕ್ಯಾಶಿನಲ್ಲಿ ಇಟ್ಟಿತು. ಇಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಆದರೂ ಹಳೇ ಬೆಲೆ ಪೂರಾ ಐದು ನಿಮಿಷಕ್ಕೆ ಕೂತುಬಿಟ್ಟಿದೆ. ಆಯಸ್ಸು ಹಾಕದೇ ಇದ್ದಿದ್ದರೆ ಮುಂದಿನ ಸಲ ಬೆಲೆ ಬದಲಾಗುವವರೆಗೂ ಅಲ್ಲೇ ಇರುತ್ತಿತ್ತು.

ಫೇಸ್‌ಬುಕ್ ಎಂಜಿನಿಯರುಗಳು ತಮ್ಮ ಮೆಮ್‌ಕ್ಯಾಶ್ ವ್ಯವಸ್ಥೆಯಲ್ಲಿ ಇದಕ್ಕೆ ಕಂಡುಕೊಂಡ ದಾರಿಯನ್ನು 2013ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಕ್ಯಾಶ್ ಖಾಲಿ ಇದ್ದಾಗ ಕೇಳಲು ಬಂದವರಿಗೆ ಅದು ಒಂದು ಟೋಕನ್ ಕೊಡುತ್ತದೆ. ಉತ್ತರ ತಂದು ಇಡುವಾಗ ಆ ಟೋಕನ್ ತೋರಿಸಬೇಕು. ನಡುವೆ ಯಾರಾದರೂ ಅಳಿಸಲು ಬಂದಿದ್ದರೆ ಟೋಕನ್ ರದ್ದಾಗಿರುತ್ತದೆ, ಹಳೇ ಉತ್ತರವನ್ನು ಕ್ಯಾಶ್ ತೆಗೆದುಕೊಳ್ಳುವುದಿಲ್ಲ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಸಣ್ಣ ಅಂಗಡಿಗೆ ಇಷ್ಟೆಲ್ಲ ಬೇಕಾಗುವುದು ಕಡಿಮೆ. ಪುಟದಲ್ಲಿ ಬೆಲೆ ಐದು ನಿಮಿಷ ಹಳೆಯದಾದರೂ ನಡೆಯುತ್ತದೆ, ಆದರೆ ದುಡ್ಡು ತೆಗೆದುಕೊಳ್ಳುವ ಹೊತ್ತಿಗೆ ನೇರವಾಗಿ ಡೇಟಾಬೇಸಿನಿಂದಲೇ ಓದಿ, ಬೆಲೆ ಬದಲಾಗಿದ್ದರೆ ಗ್ರಾಹಕರಿಗೆ ಹೇಳಬೇಕು.

ತಪ್ಪು ಎಲ್ಲಾಯಿತು ಅಂತ ಹುಡುಕುವಾಗ ಉಳಿದ ಆಯಸ್ಸನ್ನೇ ಕೇಳಿ:

```
TTL bele:27
```

ಬೆಲೆ ಬದಲಾಗಿ ಸರಿಯಾಗಿ ಒಂದು ನಿಮಿಷ ಆಗಿದೆ, ಕ್ಯಾಶಿನಲ್ಲಿ ಇನ್ನೂ 1450 ಇದೆ ಅನ್ನೋಣ. 100 ಅಂತ ಬಂದರೆ ಅದನ್ನು ಇಟ್ಟು 200 ಸೆಕೆಂಡಾಗಿದೆ, ಅಂದರೆ ಬದಲಾವಣೆಗೂ ಮುಂಚೆ. ಅಳಿಸುವ ಕೆಲಸವೇ ನಡೆದಿಲ್ಲ. 241 ಅಂತ ಬಂದರೆ ಇಟ್ಟು 59 ಸೆಕೆಂಡಾಗಿದೆ ಅಷ್ಟೇ. ಬೆಲೆ ಬದಲಾದ ಮೇಲೆ ಯಾರೋ ಹಳೆಯದನ್ನು ತಂದಿಟ್ಟಿದ್ದಾರೆ.